ಮಗ್ಗದ ನಂಬರು, ಮನುಷ್ಯನ ಹೆಸರು

ನನ್ನ ಮಗಳು ಕಾಂಚನಾ ಇಚಲಕರಂಜಿಯ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಬಟ್ಟೆಯ ದೋಷ ಹುಡುಕುವ ಕೆಲಸ ಮಾಡಿದಳು. 2010ರಲ್ಲಿ ಅದನ್ನು ಬಿಟ್ಟು ಬನಹಟ್ಟಿಗೆ ಬಂದು, ಇನ್ನು ಯಾರ ಕೈಕೆಳಗೂ ಇರುವುದಿಲ್ಲ, ಮಗ್ಗದ ಮಾಲಕರಿಗೆ ಸಲಹೆ ಕೊಟ್ಟು ಬದುಕುತ್ತೇನೆ ಎಂದಳು. ಸಲಹೆಗೆ ದುಡ್ಡು ಕೊಡುವವರು ಯಾರು? ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತರೆ ಬೇಡವೆಂದರೂ ಸಿಗುತ್ತದೆ.

ಮೂರು ತಿಂಗಳು ಯಾರೂ ಕರೆಯಲಿಲ್ಲ. ಕಡೆಗೆ ರಬಕವಿಯ ಶಿವಯೋಗೆಪ್ಪ ಹೇಳಿಕಳಿಸಿದ. ಅವನಲ್ಲಿ ಇಪ್ಪತ್ನಾಲ್ಕು ವಿದ್ಯುತ್ ಮಗ್ಗ, ಹನ್ನೆರಡು ನೇಕಾರರು. ಮಗ್ಗ ನಿಂತು ಮತ್ತೆ ಹೊರಟಲ್ಲೆಲ್ಲ ಅಡ್ಡಗೆರೆ ಬಿದ್ದ ಸೀರೆಗಳು ವ್ಯಾಪಾರಿಯಿಂದ ವಾಪಸ್ ಬರುತ್ತಿದ್ದವು. ನಾನೂ ಜೊತೆಗೆ ಹೋದೆ.

"ಏನ್ ಮಾಡ್ತಿ, ಏನ್ ಕೊಡ್ತಿ, ಎಷ್ಟ ತಗೋತಿ, ಎಲ್ಲಾ ಬರದು ತಾ. ಯಾವ ಮಗ್ಗ ಎಷ್ಟ ಸಲ ನಿಂತಿತು ಅನ್ನೂ ಪಟ್ಟಿ ಮಾತ್ರ ಲಗೂನ ಬೇಕು" ಎಂದ. ಬಾಗಿಲವರೆಗೆ ಬಂದು ಮತ್ತೆ ಕೇಳಿದ: "ಆ ಪಟ್ಟಿ ಯಾವಾಗ ಕೈಗೆ ಬರ್ತೈತಿ?"

ಸೀರೆ ಕೆಡುತ್ತಿರುವವನಿಗೆ ಸೀರೆ ಯಾವಾಗ ಸರಿಹೋಗುತ್ತದೆ ಎಂಬ ಚಿಂತೆ ಇರಬೇಕು. ಇವನಿಗೆ ಪಟ್ಟಿಯದೇ ಚಿಂತೆ. ನನಗೆ ಅದು ಸೇರಲಿಲ್ಲ.

ನಾನು ಕಲಿತದ್ದು ಎರಡನೆಯ ಇಯತ್ತೆ. ಕಾಂಚನಾ ಬರೆದದ್ದನ್ನು ನನಗೆ ಓದಿ ಹೇಳಿದಳು. ಕೆಲಸ: ಇಪ್ಪತ್ನಾಲ್ಕೂ ಮಗ್ಗ ಆರು ವಾರ ನೋಡುವುದು. ಬಿಡಿಭಾಗ, ರಿಪೇರಿ ಇದರಲ್ಲಿ ಸೇರಿಲ್ಲ. ಕೊಡುವುದು: ಯಾವ ಮಗ್ಗ ಯಾಕೆ, ಎಷ್ಟು ಸಲ ನಿಂತಿತು ಎಂಬ ಪಟ್ಟಿ, ದೋಷಗಳ ಕಾರಣ ಬರೆದ ವರದಿ, ಮಗ್ಗ ರಿಪೇರಿ ಮಾಡುವ ಮಿಸ್ತ್ರಿಗೆ ಎರಡು ದಿನದ ತರಬೇತಿ. ಶುಲ್ಕ: ಮೂವತ್ತು ಸಾವಿರ, ಮೂರು ಕಂತು. ಕಡೆಗೆ 'ಇವು ಹೀಗಿರುತ್ತವೆ ಎಂದು ನಂಬಿ ಈ ಲೆಕ್ಕ ಹಾಕಿದೆ' ಎಂಬ ಭಾಗ: ದಿನಕ್ಕೆ ಆರು ತಾಸಾದರೂ ಕರೆಂಟು, ನಡುವೆ ನೂಲು ಬದಲಿಸಬಾರದು, ಪಟ್ಟಿ ನೋಡಿ ಯಾವ ನೇಕಾರನಿಗೂ ದಂಡ ಹಾಕಬಾರದು.

"ದಂಡದ ಮಾತು ಅವಂಗ ರುಚಿಸೂದಿಲ್ಲ. ಅವಂಗ ಪಟ್ಟಿ ಬೇಕಾಗಿದ್ದ ಅದಕ್ಕ" ಎಂದೆ.

"ಹೆಸರ ಬರಿಯೂದಿಲ್ಲ ಬೇ, ಬರೇ ಮಗ್ಗದ ನಂಬರು."

"ಹನ್ನೊಂದ ವರ್ಷ ಏನ್ ನೋಡಿದಿ ಲೇ? ಅಲ್ಲಿ ಏಳು, ಎಂಟನೇ ಮಗ್ಗ ಅಂದ್ರ ನಮ್ಮ ಓಣಿ ಕರೆಪ್ಪ. ಅಂವಾ ಅವೆರಡ ಬಿಟ್ಟು ಬ್ಯಾರೇ ಮಗ್ಗ ಮುಟ್ಟಿಲ್ಲ. ನಮ್ಮಲ್ಲಿ ನಂಬರ ಅಂದ್ರನ ಹೆಸರು."

ದೊಡ್ಡ ಕಾರ್ಖಾನೆಯಲ್ಲಿ ಒಂದೇ ಮಗ್ಗಕ್ಕೆ ಪಾಳಿಗೊಬ್ಬ ನೇಕಾರ. ನಂಬರಿನ ಹಿಂದೆ ಮುಖ ಇರುವುದಿಲ್ಲ. ಅದೇ ರೂಢಿಯಲ್ಲಿ ಇಲ್ಲಿಯೂ ಬರೆದುಬಿಟ್ಟಿದ್ದಳು. ಮೊದಲ ಗಿರಾಕಿಗೆ ಅವಳು ಮಾರುತ್ತಿದ್ದದ್ದು ಚಾಡಿ. ಚಾಡಿ ಹೇಳುವವಳೆಂದು ಹೆಸರಾದ ಮೇಲೆ ಯಾವ ನೇಕಾರ ಅವಳನ್ನು ಮಗ್ಗದ ಹತ್ತಿರ ಬಿಟ್ಟುಕೊಳ್ಳುತ್ತಾನೆ? ಪಟ್ಟಿ ಕೊಡುವುದಿಲ್ಲವೆಂದರೆ ಇರುವ ಒಂದು ಕೆಲಸವೂ ಹೋಗುತ್ತದೆ.

ಮರುದಿನ ಒಂದು ಸಾಲು ಸೇರಿಸಿದಳು: ನೋಡುವ ಅವಧಿಯಲ್ಲಿ ನೇಕಾರರು ದಿನಬಿಟ್ಟು ದಿನ ಮಗ್ಗ ಬದಲಿಸಬೇಕು, ಯಾರು ಎಲ್ಲಿದ್ದರೆಂಬುದು ಪಟ್ಟಿಯಲ್ಲಿ ಇರುವುದಿಲ್ಲ. "ಆಳು ಬದಲಾದ್ರೂ ದೋಷ ಅಲ್ಲೇ ಉಳಿದ್ರ ಅದು ಮಗ್ಗದ್ದು. ಹೆಂಗೂ ಇದು ಛಲೋ ಪದ್ಧತಿ" ಎಂದಳು.

ಶಿವಯೋಗೆಪ್ಪ ಕಾಗದವನ್ನು ಬೆಳಕಿಗೆ ಹಿಡಿದ, ಖೋಟಾ ನೋಟು ನೋಡುವವನಂತೆ.

"ದಂಡದ್ದು ನನ್ನ ಮನಿ ವಿಚಾರ. ನಿಂಗ್ಯಾಕ? ಯಾರರ ಹೇಳಿ ಬರಸ್ಯಾರೇನು?"

"ದಂಡಾ ಬೀಳ್ತೈತಿ ಅಂತ ಗೊತ್ತಾದ್ರ ನಾ ಬಂದಾಗ ಅಷ್ಟ ಸರಿ ನೇಯ್ತಾರ್ರಿ ಸಾವಕಾರ್ರ. ನಿಮ್ಮ ಮೂವತ್ತ ಸಾವಿರಕ್ಕ ನಾ ಸುಳ್ಳ ಪಟ್ಟಿ ಕೊಡಬೇಕಾಗ್ತೈತಿ."

"ಇಪ್ಪತ್ನಾಕೂ ಮಗ್ಗದಾಗ ಆಳ ಬದಲಿಸಿದ್ರ ನನ್ನ ಮಾಲು ಯಾರ ನೇಯಬೇಕು? ನಿಮ್ಮವ್ವನ?"

"ನಾ ನೇಯ್ತೀನಿ ತಗೋ, ಕೂಲಿ ಮೊದಲ ಕೊಡು" ಎಂದೆ. ಅವನು ನಗಲಿಲ್ಲ.

ದರ ಇಳಿಸು ಎಂದ. ಅವಳು ದರ ಇಳಿಸದೆ ಕೆಲಸವನ್ನೇ ಇಳಿಸಿದಳು: ಎಂಟು ಮಗ್ಗ, ನಾಲ್ಕು ಜನ, ಎರಡು ವಾರ, ಹನ್ನೆರಡು ಸಾವಿರ. ತರಬೇತಿ ಬಿಟ್ಟಳು. ಮಗ್ಗ ಬದಲಿಸುವ ಸಾಲನ್ನೂ ದಂಡದ ಸಾಲನ್ನೂ ಬಿಡಲಿಲ್ಲ. ಅವನು ದಂಡದ ಸಾಲಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕುಳಿತು, ಪ್ರತಿ ಹಾಳೆಗೂ ಸಹಿ ಹಾಕಿ, ಒಂದು ಪ್ರತಿಯನ್ನು ತಿಜೋರಿಯಲ್ಲಿಟ್ಟ.

ತನ್ನ ಪ್ರತಿಯನ್ನು ಹಿಡಿದು ಕಾಂಚನಾ ನೇರ ಮಗ್ಗದ ಶೆಡ್ಡಿಗೆ ಹೋದಳು. ಆ ಎಂಟು ಮಗ್ಗದ ನಾಲ್ವರನ್ನೂ ಕರೆದು ದಂಡದ ಸಾಲು ಓದಿದಳು. ಕರೆಪ್ಪ ಕೇಳಿಸಿಕೊಂಡು, "ಸಾವಕಾರನ ಸಹಿ ತೋರಿಸು" ಎಂದ. ತೋರಿಸಿದಳು. ಆಗಲೂ ಅವನು ತನ್ನ ಏಳು, ಎಂಟನೆಯ ಮಗ್ಗ ಬಿಟ್ಟು ಬೇರೆಯವಕ್ಕೆ ಹೋಗಲು ತಡ ಮಾಡಿದ. ಹೋದ ಮೇಲೂ ಹೊಸ ಮಗ್ಗದಿಂದ ತಿರುತಿರುಗಿ ಅವಳ ಪೆನ್ನನ್ನೇ ನೋಡುತ್ತಿದ್ದ.