ರಸೀದಿ ಕೊಡದ ಸಾಹೇಬ

ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನನ್ನ ಅಣ್ಣನ ಮಗಳು ಕೆನಡಾಕ್ಕೆ ಓದಲು ಹೋಗಿ ಮೂರು ವಾರವಾಗಿತ್ತಷ್ಟೆ. ಒಂದು ಸಂಜೆ ನಾನು ಅಣ್ಣನ ಮನೆಯಲ್ಲಿದ್ದಾಗ ಅಳುತ್ತಾ ಅಪ್ಪನಿಗೆ ಫೋನ್ ಮಾಡಿದಳು. ವೀಸಾ ಕಾಗದದಲ್ಲಿ ತಪ್ಪಿದೆ, ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟದಿದ್ದರೆ ಊರಿಗೆ ವಾಪಸ್ ಕಳಿಸುತ್ತೇವೆ ಎಂದು ಯಾರೋ ಇಮಿಗ್ರೇಷನ್ ಸಾಹೇಬ ಫೋನಿನಲ್ಲಿ ಹೆದರಿಸಿದ್ದನಂತೆ. ಇವಳು ಅಂಗಡಿಗೆ ಓಡಿ ಎರಡು ಕಾರ್ಡು ಕೊಂಡು, ಹಿಂಬದಿಯ ಗುಟ್ಟಿನ ನಂಬರನ್ನು ಕೆರೆದು ಅವನಿಗೆ ಓದಿ ಹೇಳಿಯೂ ಆಗಿತ್ತು; ನಂಬರು ಸಿಕ್ಕಿದವನಿಗೆ ಕಾರ್ಡಿನ ದುಡ್ಡೂ ಸಿಕ್ಕಂತೆ. ಇನ್ನೂ ಮೂರು ಬೇಕಂತೆ. ಅಣ್ಣ ಆಗಲೇ ದುಡ್ಡು ಕಳಿಸುವ ದಾರಿ ಹುಡುಕುತ್ತಿದ್ದ.

ನನಗೆ ರೇಗಿಹೋಯಿತು. ಅವನ ಕೈಯಿಂದ ಫೋನ್ ಕಿತ್ತುಕೊಂಡೆ.

"ಯಾವ ಸರ್ಕಾರ ಗಿಫ್ಟ್ ಕಾರ್ಡಲ್ಲಿ ದಂಡ ವಸೂಲಿ ಮಾಡುತ್ತೆ? ಇನ್ನೊಂದು ಕಾರ್ಡೂ ತಗೋಬೇಡ. ಮೊದ್ಲು ಕಾರ್ಡ್ ಕಂಪನಿಗೂ ಪೊಲೀಸ್ರಿಗೂ ಹೇಳು. ಅಲ್ವೇ, ಅವನ ಹತ್ರ ರಸೀದಿನಾದ್ರೂ ಕೇಳಿದ್ಯೇನೇ?"

"ಕೇಳ್ದೆ ಅತ್ತೆ. ರಸೀದಿ ಕೊಡಲ್ಲ, ಯಾರಿಗೂ ಹೇಳ್ಬೇಡ ಅಂದ. ಅದಕ್ಕೇ ನಂಬಿದ್ದು."

"ಅದಕ್ಕೇ ನಂಬಿದ್ಯಾ? ನಿನ್ನ ಓದಿಗಿಷ್ಟು ಬೆಂಕಿ ಹಾಕ!"

ಅವಳು ಮೂಗೊರೆಸಿಕೊಂಡು ಸಮಾಧಾನವಾಗಿಯೇ ಕೇಳಿದಳು:

"ನನ್ನ ಬರ್ತ್ ಸರ್ಟಿಫಿಕೇಟಲ್ಲಿ ಹೆಸ್ರು ತಿದ್ದಿಸೋವಾಗ ನೀವೂ ಆಫೀಸ್ ಸಾಹೇಬ್ರಿಗೆ ಹಿಂಗೇ ಅಲ್ವಾ ಅತ್ತೆ ದುಡ್ಡು ಕೊಟ್ಟಿದ್ದು?"