ತೃಪ್ತಿ ಇಲ್ಲದ ಚಿತ್ರ

ದಾವಣಗೆರೆಯ ಸುಮತಿ ಗಂಡನ ಕೆಲಸದ ಹಿಂದೆ ಅಹಮದಾಬಾದಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ರೇಡಿಯೋಗೆ ಹಿಂದಿಯಲ್ಲಿ ಬರೆದು ಕೈ ಪಳಗಿತ್ತು. ಹಾಗಾಗಿ ಅಲ್ಲಿನ ನವರಂಗಪುರ ಬಡಾವಣೆಯ ಸೇವಾಸಂಸ್ಥೆಯೊಂದು ದಕ್ಷಿಣ ಗುಜರಾತಿನ ಡಾಂಗ್ ಕಾಡಿನ ಶಾಲೆಯಲ್ಲಿ ತಾನು ನಡೆಸುತ್ತಿದ್ದ ಗ್ರಂಥಾಲಯಕ್ಕೆ ದೇಣಿಗೆ ಕೇಳುವ ಕಿರುಚಿತ್ರ ಮಾಡಲು ಹೊರಟಾಗ, ಚಿತ್ರಕಥೆಗೆ ಅವಳನ್ನೇ ಕರೆಯಿತು. ಅದು 2003ರ ಮಾತು.

ಬರೆಯುವ ಮೊದಲು ಸುಮತಿ ಆ ಊರಿಗೆ ಹೋಗಿ ಎರಡು ದಿನ ಇದ್ದು ಬಂದಳು. ಅಲ್ಲಿ ಆರನೇ ತರಗತಿಯ ತೃಪ್ತಿ ಸಿಕ್ಕಳು. ಪ್ರತಿ ಸಂಜೆ ಅಜ್ಜಿಗೆ ಗಟ್ಟಿಯಾಗಿ ಕಥೆ ಓದಿ ಹೇಳುವ ಹುಡುಗಿ. ತಪ್ಪು ಓದಿದರೆ ಅಕ್ಷರ ಬಾರದ ಅಜ್ಜಿಯೇ ‘ನಿನ್ನೆ ಹೀಗಿರಲಿಲ್ಲ’ ಎಂದು ತಡೆಯುತ್ತಿದ್ದಳು.

ಕಥೆ ಅಲ್ಲೇ ಹುಟ್ಟಿತು. ಹಾಳೆಯ ಎಡಕ್ಕೆ ದೃಶ್ಯ, ಬಲಕ್ಕೆ ಮಾತು. ಆರು ನಿಮಿಷ. ಮೊದಲು ಅಜ್ಜಿ ಮೊಮ್ಮಗಳು, ಆಮೇಲೆ ಅರ್ಧ ಖಾಲಿಯಾದ ಕಪಾಟುಗಳು, ಕೊನೆಗೆ ಒಂದೇ ಬೇಡಿಕೆ: ಒಂದು ಮಗುವಿಗೆ ಒಂದು ವರ್ಷದ ಪುಸ್ತಕ. ತೃಪ್ತಿಯ ತಂದೆ ತಾಯಿಯ ಒಪ್ಪಿಗೆಯೂ ಬಂತು. ದೀಪಾವಳಿ ಕಳೆದು ಶೂಟಿಂಗ್.

ಹೊರಡುವ ಹಿಂದಿನ ದಿನ ಗ್ರಂಥಾಲಯ ನೋಡಿಕೊಳ್ಳುವ ಚಂಪಾಬೆನ್ ಫೋನ್ ಮಾಡಿದಳು. “ಕಬ್ಬು ಕಡಿಯೋರ ಲಾರಿ ಬಂದಿತ್ತು ಬೆನ್. ಅಜ್ಜಿ ಒಬ್ಬಳನ್ನ ಬಿಟ್ಟು ಮನೆಮಂದಿಯೆಲ್ಲ ಬಾರ್ಡೋಲಿ ಕಡೆ ಕಬ್ಬಿನ ಗದ್ದೆಗೆ ಹೋದರು. ತೃಪ್ತೀನೂ. ಮಳೆಗಾಲಕ್ಕೇ ವಾಪಸ್ಸು.”

ಸಂಸ್ಥೆಯ ಕಿರಣ್‌ಭಾಯ್ ಗಾಬರಿಯಾಗಲಿಲ್ಲ. “ಸುಮತಿಬೆನ್, ಬೇರೆ ಹುಡುಗೀನ ಕೂರಿಸೋಣ. ಸೂರತ್ತಿನ ದಾನಿಗಳಿಗೇನು ಗೊತ್ತಾಗುತ್ತೆ?”

“ಅವಳ ಹೆಸರಲ್ಲಿ ಇನ್ನೊಬ್ಬಳು ಓದೋದು ನಾನು ಬರೆಯಲ್ಲ ಭಾಯ್.”

“ಹುಡುಗಿ ಇಲ್ಲದೆ ಯಾರು ಕೊಡ್ತಾರೆ?”

“ಅವಳು ಹೋಗಿದ್ದನ್ನೇ ಹೇಳ್ತೀನಿ. ಆದರೆ ಪುಸ್ತಕ ಕಬ್ಬು ಕಡಿಯೋರ ಬಿಡಾರಕ್ಕೂ ಹೋಗಬೇಕು. ಅದನ್ನೂ ಕೇಳೋಣ.”

ಕಿರಣ್‌ಭಾಯ್ ಕೊನೆಗೆ ಒಪ್ಪಿದರು. ಹೊಸ ಚಿತ್ರದಲ್ಲಿ ಅಜ್ಜಿ ಒಬ್ಬಳೇ ಕೂತು, ಕೇಳಿದ ಕಥೆಯನ್ನು ನೆನಪಿದ್ದಷ್ಟು ಹೇಳಿದಳು. ಅರ್ಧಕ್ಕೆ ನಿಂತಳು. ಅಲ್ಲಿ ಹಾಳೆಯ ಬಲಗಡೆ ಸುಮತಿ ಒಂದು ಮಾತನ್ನೂ ಬರೆಯಲಿಲ್ಲ.

ಸೂರತ್ತಿನ ಕತಾರ್‌ಗಾಮಿನಲ್ಲಿ ವಜ್ರದ ವ್ಯಾಪಾರಿಗಳ ಮುಂದೆ ಚಿತ್ರ ತೋರಿಸಿದಾಗ ಕೇಳಿದ್ದಕ್ಕಿಂತ ಹೆಚ್ಚೇ ಬಂತು. ಫೆಬ್ರುವರಿಯಲ್ಲಿ ಚಂಪಾಬೆನ್ ಪುಸ್ತಕದ ಪೆಟ್ಟಿಗೆ ಹೊತ್ತು ಬಿಡಾರಗಳನ್ನು ಸುತ್ತಿದಳು.

ತೃಪ್ತಿ ಸಿಕ್ಕಳು. “ನಸುಕಿಗೇ ಎದ್ದು ಕಬ್ಬಿನ ಕಟ್ಟು ಹೊರ್ತಾಳೆ ಬೆನ್,” ಎಂದಳು ಚಂಪಾ ಫೋನಿನಲ್ಲಿ. “ಪುಸ್ತಕ ಕೈಗೆ ಕೊಟ್ಟೆ. ಎರಡು ಸಾಲು ಓದಿ, ಕೂತಲ್ಲೇ ನಿದ್ದೆ ಹೋದಳು.”

ಮಳೆಗಾಲದಲ್ಲಿ ಊರಿಗೆ ಮರಳಿದರೂ ಅವಳು ಶಾಲೆಗೆ ಬರಲಿಲ್ಲ. ಮದುವೆ ಗೊತ್ತಾಗಿತ್ತು.

“ನಿನ್ನ ಫಿಲ್ಮಿಂದ ಇನ್ನೂ ಎರಡು ಊರಲ್ಲಿ ಲೈಬ್ರರಿ ಆಯ್ತಂತಲ್ಲೇ?” ಎಂದ ಗಂಡ ರಾಮಕೃಷ್ಣ, ಊಟಕ್ಕೆ ಕೂರುತ್ತಾ.

“ಆಯ್ತು ರೀ,” ಎಂದಳು ಸುಮತಿ. ಅವನಿಗೆ ಬಡಿಸಿದಳು. ತನಗೆ ತಟ್ಟೆ ಹಾಕಿಕೊಳ್ಳಲಿಲ್ಲ.