ಸೊನ್ನೆಯ ಮೇಲೆ ಬಿದ್ದ ಕೆಂಪು ಗೀಟು

ದೊಡ್ಡ ಮಿಸ್ಸಿಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಆ ಶಾಲೆಯಲ್ಲಿ ಇಂಗ್ಲಿಷ್ ಎಂದರೆ ಅವಳೇ ಎಂಬ ಕಾಲವೊಂದಿತ್ತು. ವರಾಂಡದ ಆ ತುದಿಯಲ್ಲಿ ಅವಳ ಚಪ್ಪಲಿಯ ಸದ್ದು ಕೇಳಿದರೆ ಈ ತುದಿಯ ತರಗತಿ ಗಪ್‌ಚುಪ್ ಆಗುತ್ತಿತ್ತು. ಅಂಥವಳ ಎದುರಿಗೆ ಹೋದ ವರ್ಷ ಚಿಕ್ಕ ಮಿಸ್ ಬಂದು ಕೂತಳು. ಬಂದವಳು ಸುಮ್ಮನಿರಬಾರದೇ? ಮಕ್ಕಳನ್ನು ನಗಿಸತೊಡಗಿದಳು.

ಒಂಬತ್ತನೇ ತರಗತಿಯ ಎ ವಿಭಾಗ ದೊಡ್ಡ ಮಿಸ್ಸಿನದು, ಬಿ ವಿಭಾಗ ಚಿಕ್ಕವಳದು. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ ಅಷ್ಟೇ. ಅತ್ತ ನಕ್ಕರೆ ಇತ್ತ ಕೇಳಿಸುತ್ತದೆ. ಬಹುವಚನದ ಪಾಠ ನಡೆದ ದಿನವಂತೂ ಅತ್ತ ನಗುವಿನ ಗದ್ದಲ, ಇತ್ತ ದೊಡ್ಡ ಮಿಸ್ಸಿನ ಗಂಟಲು ಒಣಗುವಷ್ಟು ಬಾಯಿಪಾಠ. ‘ಒ’ ಅಕ್ಷರದಲ್ಲಿ ಮುಗಿಯುವ ಪದಗಳಿಗೆ ಅವಳದು ಹಳೇ ದಾರಿ. ಒ ಹಿಂದೆ ಸ್ವರವಿದ್ದರೆ ಬರೀ ಎಸ್: ರೇಡಿಯೋ, ಸ್ಟುಡಿಯೋ, ಜೂ. ವ್ಯಂಜನವಿದ್ದರೆ ಇ-ಎಸ್: ಪೊಟೇಟೋ, ಟೊಮ್ಯಾಟೋ, ಹೀರೋ, ಎಕೋ. ಇದಕ್ಕೆ ಜಗ್ಗದವನ್ನು, ಅಂದರೆ ಫೋಟೋ, ಪಿಯಾನೋ ಮೊದಲಾದವನ್ನು, ಬೋರ್ಡಿನ ಮೂಲೆಯಲ್ಲಿ ಪಟ್ಟಿ ಮಾಡಿ ಉರುಹೊಡೆಸುತ್ತಿದ್ದಳು.

ಗೋಡೆಯಾಚೆ ಚಿಕ್ಕವಳು ಹೇಳುತ್ತಿದ್ದುದೇ ಬೇರೆ. ಫೋಟೋ ಅಂದರೆ ಫೋಟೋಗ್ರಾಫಿನ ಬಾಲ ಕತ್ತರಿಸಿದ ಮರಿ, ಕಿಲೋ ಅಂದರೆ ಕಿಲೋಗ್ರಾಮಿನದು. ಬಾಲ ಕಳಕೊಂಡವಕ್ಕೆ ಮತ್ತೆ ಉದ್ದ ಬಾಲ ಯಾಕೆ, ಎಸ್ ಒಂದೇ ಸಾಕು ಅನ್ನುತ್ತಿದ್ದಳು. ಪಿಯಾನೋ, ಸೋಲೋ ಸಂಗೀತದ ಜೊತೆ ಪರದೇಶದಿಂದ ಬಂದವು, ಅವಕ್ಕೂ ಎಸ್. ಹೀರೋ ಮಾತ್ರ ಪೊಟೇಟೋ ಟೊಮ್ಯಾಟೋ ತಿಂದು ಕೊಬ್ಬಿದವನು, ಅವನಿಗೆ ಇ-ಎಸ್ ಇಲ್ಲದಿದ್ದರೆ ಅಂಗಿ ಸಾಲದು. ಇನ್ನು ಜೀರೋ, ವಾಲ್ಕೆನೋ ಎರಡು ದೋಣಿಯಲ್ಲಿ ಕಾಲಿಟ್ಟವು, ಎಸ್ ಹಾಕಿದರೂ ಸರಿ, ಇ-ಎಸ್ ಹಾಕಿದರೂ ಸರಿ. ಮಕ್ಕಳು ಮೇಜು ಕುಟ್ಟಿ ನಗುತ್ತಿದ್ದವು.

ಆ ನಗುವಿನಲ್ಲಿ ಒಂದು ದನಿ ದೊಡ್ಡ ಮಿಸ್ಸಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳ ಮಗಳು ಪುಟ್ಟಿಯದು. ತಾಯಿಯ ತರಗತಿಯಲ್ಲಿ ಮಗಳು ಕೂರಬಾರದೆಂಬ ಶಾಲೆಯ ಪದ್ಧತಿಯಿಂದ ಹುಡುಗಿ ಬಿ ವಿಭಾಗಕ್ಕೆ ಬಿದ್ದಿದ್ದಳು. ಮನೆಗೆ ಬಂದರೆ ಸಾಕು, ನಮ್ಮ ಮಿಸ್ ಹೀಗಂದರು, ನಮ್ಮ ಮಿಸ್ ಹಾಗಂದರು. ಉಪ್ಪಿಟ್ಟಿಗೆ ಉಪ್ಪು ಹಾಕಲೂ ಆ ಮಿಸ್ಸಿನ ಅಪ್ಪಣೆ ಬೇಕೇನೋ ಎಂದು ತಾಯಿ ಒಮ್ಮೆ ಸಿಡುಕಿದ್ದೂ ಉಂಟು. ಹೆತ್ತವಳು ನಾನು, ಅಕ್ಷರ ತಿದ್ದಿಸಿದವಳು ನಾನು, ಈಗ ‘ನಮ್ಮ ಮಿಸ್’ ಅವಳಂತೆ!

ಇದೆಲ್ಲ ಸಾಲದೆಂಬಂತೆ ಹೆಡ್‌ಮಾಸ್ತರು ಒಂದು ಕಡ್ಡಿ ಗೀರಿದರು. ಈ ಸಲದ ವ್ಯಾಕರಣ ಪರೀಕ್ಷೆಯಲ್ಲಿ ಯಾವ ವಿಭಾಗ ಮುಂದೆ ಬರುತ್ತದೋ ಅದರ ಶಿಕ್ಷಕಿಗೆ ಬರುವ ವರ್ಷ ಹತ್ತನೇ ತರಗತಿ ಎಂದುಬಿಟ್ಟರು. ಹತ್ತನೆಯದು ಎಂದೂ ದೊಡ್ಡ ಮಿಸ್ಸಿನದೇ ಆಗಿತ್ತು. ಅದು ಕೈತಪ್ಪಿದರೆ ಆ ಶಾಲೆಯಲ್ಲಿ ತಾನು ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ.

ಆ ಶಾಲೆಯ ಇನ್ನೊಂದು ಪದ್ಧತಿ, ಉತ್ತರಪತ್ರಿಕೆಗಳನ್ನು ಅದಲುಬದಲು ಮಾಡಿ ತಿದ್ದುವುದು. ನಿನ್ನ ಮಕ್ಕಳದು ನನಗೆ, ನನ್ನ ಮಕ್ಕಳದು ನಿನಗೆ. ಪಕ್ಷಪಾತದ ಮಾತೇ ಬರಬಾರದು. ಸ್ಟಾಫ್ ರೂಮಿನಲ್ಲಿ ಚಿಕ್ಕವಳು ತನ್ನ ಕಟ್ಟನ್ನು ಎರಡೂ ಕೈಯಿಂದ ಎತ್ತಿ ಕೊಟ್ಟಳು.

“ಅಕ್ಕ, ನನ್ನ ಮಕ್ಕಳು ತಪ್ಪು ಬರೆದಿದ್ರೆ ಮುಲಾಜು ನೋಡ್ಬೇಡಿ. ನಿಮ್ಮ ಕೈಲಿ ತಿದ್ದಿಸಿಕೊಂಡ್ರೆ ಅವರಿಗೆ ಒಳ್ಳೇದು.”

ಅಕ್ಕ ಅಂತೆ! ಈ ಸಕ್ಕರೆ ಮಾತೇ ದೊಡ್ಡ ಮಿಸ್ಸಿಗೆ ಆಗದು.

ಕಿಟಕಿಯ ಪಕ್ಕ ಕೂತು ಅವಳು ಕೆಂಪು ಪೆನ್ನು ಬಿಚ್ಚಿದಳು. ಒಂದೊಂದೇ ಪತ್ರಿಕೆ ನೋಡುತ್ತ ಹೋದಳು. ಮಕ್ಕಳು ಫೋಟೋಗೆ ಎಸ್ ಹಾಕಿದ್ದವು, ಪೊಟೇಟೋಗೆ ಇ-ಎಸ್ ಹಾಕಿದ್ದವು, ಎಲ್ಲೂ ಎಡವಿರಲಿಲ್ಲ. ಆದರೆ ಜೀರೋ ಬಂದಾಗ ಹೆಚ್ಚಿನವರು ಬರೀ ಎಸ್ ಹಾಕಿದ್ದರು. ವಾಲ್ಕೆನೋಗೂ ಹಾಗೇ. ಅವಳು ಎದ್ದು ಕಪಾಟಿನ ದಪ್ಪ ನಿಘಂಟು ತೆಗೆದು ನೋಡಿದಳು. ಎರಡೂ ಪದಕ್ಕೆ ಎರಡೆರಡು ರೂಪ ಅಚ್ಚಾಗಿತ್ತು. ಸುತ್ತ ಯಾರೂ ಇರಲಿಲ್ಲ. ನಿಘಂಟನ್ನು ಮುಚ್ಚಿ ಇದ್ದಲ್ಲೇ ಇಟ್ಟು ಬಂದಳು.

ಬಂದು ಕೂತು ಗೀಟು ಎಳೆದಳು. ನನ್ನ ತರಗತಿಯಲ್ಲಿ ಇ-ಎಸ್ ಕಲಿಸಿದ್ದೇನೆ, ನನ್ನ ಪೆನ್ನಿಗೆ ಇ-ಎಸ್ಸೇ ಸರಿ ಎಂದು ತನಗೆ ತಾನೇ ಹೇಳಿಕೊಂಡಳು. ಕಟ್ಟಿನ ನಡುವೆ ಒಂದು ಪತ್ರಿಕೆಯ ಅಕ್ಷರ ಕಂಡು ಕೈ ನಿಂತಿತು. ಸಂಖ್ಯೆ ಮಾತ್ರ ಇತ್ತು, ಹೆಸರಿರಲಿಲ್ಲ. ಕೈ ಹಿಡಿದು ತಿದ್ದಿಸಿದ ಅಕ್ಷರಕ್ಕೆ ಹೆಸರು ಬೇಕೇ? ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಪುಟ್ಟಿಗೆ ತಾನೇ ಹೇಳಿಕೊಟ್ಟಿದ್ದಳು, ಜೀರೋಗೆ ಇ-ಎಸ್ ಹಾಕು ಅಂತ. ಹುಡುಗಿ ಹೂಂ ಅಂದಿದ್ದಳು. ಇಲ್ಲಿ ನೋಡಿದರೆ ಬರೀ ಎಸ್. ಅಮ್ಮ ಹೇಳಿದ್ದನ್ನು ಬಿಟ್ಟು ಮಿಸ್ ಬೋರ್ಡಿನ ಮೇಲೆ ಬರೆದದ್ದನ್ನು ಬರೆದಿದ್ದಳು. ಮಿಕ್ಕ ಪತ್ರಿಕೆಗಳ ಮೇಲೆ ಎಳೆದದ್ದು ಗೀಟು. ಮಗಳದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಎಳೆದಳು.

ಎ ವಿಭಾಗ ಒಂದು ಕೂದಲೆಳೆಯಷ್ಟು ಮುಂದೆ ಬಂತು. ದೊಡ್ಡ ಮಿಸ್ಸಿನ ಕಟ್ಟೂ ಹಿಂದಿರುಗಿತ್ತು. ಫೋಟೋಗೆ ಇ-ಎಸ್ ಅಂಟಿಸಿದ ಎ ವಿಭಾಗದ ಮಕ್ಕಳಿಗೆ ಚಿಕ್ಕವಳು ತಪ್ಪು ಹಾಕಿದ್ದಳು, ಅದು ನ್ಯಾಯವೇ. ಆದರೆ ಜೀರೋಗೆ ಯಾವ ರೂಪ ಬರೆದವರಿಗೂ ಅವಳು ಸರಿ ಹಾಕಿದ್ದಳು. ದೊಡ್ಡ ಮಿಸ್ ಆ ಸರಿಗುರುತುಗಳನ್ನು ಬೇಗಬೇಗ ಮಗುಚಿ ಹಾಕಿದಳು.

ಅಂದು ಸಂಜೆ ಪುಟ್ಟಿ ಅಳಲಿಲ್ಲ, ರಂಪ ಮಾಡಲಿಲ್ಲ. ತಾಯಿ ತರಕಾರಿ ಹೆಚ್ಚುತ್ತಿದ್ದ ಮಣೆಯ ಪಕ್ಕ ಆ ಪತ್ರಿಕೆಯನ್ನಿಟ್ಟು ನಿಂತಳು. ಗೀಟು ಬಿದ್ದಲ್ಲಿ ಕಾಗದ ಸೀಳಿತ್ತು.

“ಏನಂದ್ರು ನಿಮ್ಮ ಮಿಸ್?” ತಾಯಿ ತಲೆ ಎತ್ತದೆ ಕೇಳಿದಳು.

“ತಿದ್ದಿದವರು ನನಗಿಂತ ತುಂಬ ವರ್ಷದಿಂದ ಪಾಠ ಮಾಡ್ತಿದ್ದಾರೆ, ಅವರು ಸುಮ್ಮನೆ ತಪ್ಪು ಹಾಕಲ್ಲ. ಅವರನ್ನೇ ಕೇಳು ಅಂದ್ರು.” ಹುಡುಗಿ ಗೀಟಿನ ಮೇಲೆ ಬೆರಳಿಟ್ಟಳು. “ಅದಕ್ಕೇ ಕೇಳ್ತಿದೀನಮ್ಮ. ಇದು ತಪ್ಪಾ?”

ಚಿಕ್ಕವಳು ಬೈದಿದ್ದರೆ ಬೈಗುಳಕ್ಕೆ ಬೈಗುಳ ಸಿಗುತ್ತಿತ್ತು. ಹೆಡ್‌ಮಾಸ್ತರಲ್ಲಿ ದೂರಿದ್ದರೆ ವಾದಕ್ಕೆ ವಾದವಿತ್ತು. ಆ ಮಾಟಗಾತಿ ಈ ಕೆಂಪು ಪೆನ್ನನ್ನೇ ನಂಬಿಬಿಟ್ಟಿದ್ದಳು. ದೊಡ್ಡ ಮಿಸ್ ಚಾಕು ಕೆಳಗಿಟ್ಟಳು. ತಪ್ಪು ಅಂದುಬಿಡಲು ಬಾಯಿ ತೆರೆದಳು, ಮಗಳ ಮುಖ ನೋಡಿದಳು.

“ತಪ್ಪಲ್ಲ. ಎರಡೂ ಸರಿ.”

ಬೆಳಗ್ಗೆ ಮೊದಲ ಗಂಟೆಗೇ ಅವಳು ಬಿ ವಿಭಾಗಕ್ಕೆ ಹೋದಳು. ಚಿಕ್ಕವಳು ಇನ್ನೂ ಸ್ಟಾಫ್ ರೂಮಿನಲ್ಲಿದ್ದಳು. ದೊಡ್ಡ ಮಿಸ್ ಪತ್ರಿಕೆಗಳನ್ನು ಮರಳಿ ತೆಗೆದುಕೊಂಡು ಮಕ್ಕಳ ಎದುರಿಗೇ ಒಂದೊಂದಕ್ಕೂ ಅಂಕ ಕೂಡಿಸಿದಳು. ನಿಘಂಟಿನಲ್ಲಿ ಎರಡೂ ಇದೆ, ನಾನು ನೋಡಿಯೂ ಗೀಟು ಹಾಕಿದ್ದೆ, ನನ್ನದೇ ತಪ್ಪು ಎಂದಳು. ಹಾಗೆನ್ನುವಾಗ ಹತ್ತನೇ ತರಗತಿ ಕೈಯಿಂದ ಜಾರಿ ಹೋಗುತ್ತಿರುವುದು ಅವಳಿಗೆ ಗೊತ್ತಿತ್ತು, ಹೊಟ್ಟೆ ಧಗಧಗ ಉರಿಯುತ್ತಲೇ ಇತ್ತು. ಮಗಳ ಪತ್ರಿಕೆಯನ್ನು ಕೊನೆಗೆ ತಿದ್ದಿ, ಸೀಳಿದ ಜಾಗವನ್ನು ಬೆರಳಿನಿಂದ ಸವರಿ ಕೊಟ್ಟಳು. ಇಷ್ಟಕ್ಕಾದರೂ ಹುಡುಗಿ ಒಮ್ಮೆ ತನ್ನ ಕಡೆ ನೋಡಿ ನಕ್ಕಾಳು ಎಂದು ಕಾದಳು.

ಪುಟ್ಟಿ ಪತ್ರಿಕೆ ಹಿಡಿದು ತಾಯಿಯ ಪಕ್ಕದಿಂದಲೇ ಹಾದು ವರಾಂಡಕ್ಕೆ ಓಡಿದಳು. ಅಲ್ಲಿ ಚಿಕ್ಕ ಮಿಸ್ ಬರುತ್ತಿದ್ದಳು.

“ಮಿಸ್, ಅಮ್ಮ ತಿದ್ದಿಕೊಟ್ರು! ನೀವು ಹೇಳಿದ್ದೇ ಸರಿಯಂತೆ!”

ಎರಡೂ ಸರಿ ಅಂದಿದ್ದೆ ಕಣೇ, ಅವಳದೇ ಸರಿ ಅಂತ ಯಾವಾಗ ಅಂದೆ? ಮಾತು ತುಟಿಯ ತನಕ ಬಂತು. ದೊಡ್ಡ ಮಿಸ್ ಅದನ್ನು ನುಂಗಿ, ಕೆಂಪು ಪೆನ್ನಿನ ಮುಚ್ಚಳ ಹಾಕಿ, ಗೋಡೆಯಾಚೆ ತನ್ನ ತರಗತಿಗೆ ಹೋದಳು.